ಓಡದ ಕಿಲೋಮೀಟರಿನ ಬಾಡಿಗೆ

ಇವತ್ತು ನಾನು ಒಂದು ಪತ್ರದ ವಿಚಾರ ಮಾತನಾಡುತ್ತೇನೆ. ಬಾಡಿಗೆ ಕಾರಿನ ಕಂಪನಿಗೆ ಬರೆಯುವ ತಕರಾರು ಪತ್ರ. ಕಾರು ಓಡಿದ ದೂರ ಒಂದಿರುತ್ತದೆ. ಬಿಲ್ಲಿನಲ್ಲಿ ಹಾಕಿದ ದೂರ ಅದಕ್ಕಿಂತ ಹೆಚ್ಚಿರುತ್ತದೆ. ಹೆಚ್ಚಿಗೆ ಕೊಟ್ಟ ಹಣವನ್ನು ವಾಪಸು ಕೇಳುವುದು ಹೇಗೆ? ಪತ್ರದಲ್ಲಿ ಏನು ಬರೆಯಬೇಕು? ಯಾವುದನ್ನು ಬರೆಯದೆ ಬಿಡಬೇಕು? ಇಷ್ಟೇ ಇವತ್ತಿನ ಮಾತು.

ಈ ತಕರಾರು ಕುಂದಾಪುರ ತಾಲೂಕಿನ ಸಿದ್ದಾಪುರದಂಥ ಊರಿನವರಿಗೆ ಹೆಚ್ಚು ಬರುತ್ತದೆ. ಅದಕ್ಕೆ ಕಾರಣ ನಮ್ಮ ರಸ್ತೆಗಳೇ. ಸಿದ್ದಾಪುರ ಘಟ್ಟದ ಬುಡದ ಊರು. ಪೂರ್ವಕ್ಕೆ ಹೋದರೆ ಹೊಸಂಗಡಿ, ಮುಂದೆ ಬಾಳೆಬರೆ ಘಾಟಿ. ಪಶ್ಚಿಮಕ್ಕೆ ಶಂಕರನಾರಾಯಣ. ಅಲ್ಲಿಂದ ಕರಾವಳಿಯ ಹೆದ್ದಾರಿ ಸೇರಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಬಸ್ರೂರಿನ ಮೇಲೆ ಕುಂದಾಪುರಕ್ಕೆ ಹೋಗಿ ಹೆದ್ದಾರಿ ಹಿಡಿಯಬಹುದು. ಅಥವಾ ಹಾಲಾಡಿ, ಬಿದ್ಕಲ್‌ಕಟ್ಟೆ, ಬಾರ್ಕೂರು ಹಾದು ನೇರ ಬ್ರಹ್ಮಾವರದಲ್ಲಿ ಹೆದ್ದಾರಿಗೆ ಇಳಿಯಬಹುದು. ಉಡುಪಿ, ಮಂಗಳೂರು ಕಡೆಗೆ ಹೋಗುವವರಿಗೆ ಬಾರ್ಕೂರಿನ ದಾರಿ ಹತ್ತಿರ. ಕುಂದಾಪುರದ ಮೇಲೆ ಹೋದರೆ ಸುಮಾರು 15ರಿಂದ 20 ಕಿಲೋಮೀಟರ್ ಸುತ್ತು.

ನಮ್ಮವರಿಗೆ ಇದು ಗೊತ್ತು. ಈ ಕಡೆಯ ಚಾಲಕರಿಗೂ ಗೊತ್ತು. ಆದರೆ ಮಂಗಳೂರಿನ ಕಚೇರಿಯಲ್ಲಿ ಕುಳಿತು ಬಿಲ್ಲು ಮಾಡುವವರಿಗೆ ಗೊತ್ತಿರಬೇಕೆಂದಿಲ್ಲ. ಅವರು ಕಂಪ್ಯೂಟರಿನಲ್ಲಿ ಕುಂದಾಪುರ ಎಂದು ಒತ್ತುತ್ತಾರೆ, ಸಿದ್ದಾಪುರ ಎಂದು ಒತ್ತುತ್ತಾರೆ. ಬಂದ ಅಂಕಿಯನ್ನು ಬಿಲ್ಲಿಗೆ ಹಾಕುತ್ತಾರೆ. ಕಾರು ಬಾರ್ಕೂರಿನ ಮೇಲೆ ಬಂದಿರುತ್ತದೆ, ಬಿಲ್ಲು ಮಾತ್ರ ಕುಂದಾಪುರದ ಮೇಲೆ ಬಂದಿರುತ್ತದೆ.

ಲೆಕ್ಕ ಸ್ಪಷ್ಟವಾಗಲಿ ಎಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳನ್ನು ಸರಿಸುಮಾರಿಗೆ ಇಟ್ಟುಕೊಳ್ಳುತ್ತೇನೆ. ಹತ್ತಿರ ಪೆನ್ನು ಇದ್ದರೆ ಬರೆದುಕೊಳ್ಳಿ.

ಸಿದ್ದಾಪುರದ ಒಂದು ಮನೆ. ಮಗ ದುಬೈಯಿಂದ ಬರುತ್ತಿದ್ದಾನೆ. ಬಜ್ಪೆಯ ವಿಮಾನ ನಿಲ್ದಾಣದಿಂದ ಮನೆಗೆ ಕಾರು ಬೇಕು. ತಂದೆ ಮಂಗಳೂರಿನ ಒಂದು ಕಂಪನಿಗೆ ಫೋನು ಮಾಡುತ್ತಾರೆ. ಒಪ್ಪಂದ ವಾಟ್ಸಾಪಿನಲ್ಲಿ ಬರುತ್ತದೆ. ಏರ್‌ಪೋರ್ಟಿನಿಂದ ಸಿದ್ದಾಪುರಕ್ಕೆ ಡ್ರಾಪ್. ಓಡಿದ ಕಿಲೋಮೀಟರಿಗೆ 25 ರೂಪಾಯಿ. ಟೋಲ್ ಬೇರೆ. ಇಷ್ಟೇ ಸಂದೇಶ.

ಕಾರು ಬಜ್ಪೆಯಿಂದ ಕಟೀಲು, ಕಿನ್ನಿಗೋಳಿ ದಾಟಿ ಮುಲ್ಕಿಯಲ್ಲಿ ಹೆದ್ದಾರಿ ಸೇರುತ್ತದೆ. ಹೆಜಮಾಡಿಯ ಟೋಲ್ ಕಟ್ಟುತ್ತದೆ. ಪಡುಬಿದ್ರಿ, ಕಾಪು, ಉಡುಪಿ ದಾಟಿ ಬ್ರಹ್ಮಾವರಕ್ಕೆ ಬರುತ್ತದೆ. ಅಲ್ಲಿ ಬಲಕ್ಕೆ ತಿರುಗಿ ಬಾರ್ಕೂರು, ಹಾಲಾಡಿ, ಶಂಕರನಾರಾಯಣದ ಮೇಲೆ ಸಿದ್ದಾಪುರ ಮುಟ್ಟುತ್ತದೆ. ಈ ದಾರಿ ಸುಮಾರು 110 ಕಿಲೋಮೀಟರ್. ಬಿಲ್ಲು ಬಂದದ್ದು 145 ಕಿಲೋಮೀಟರಿಗೆ. 25ರಂತೆ 3,625 ರೂಪಾಯಿ, ಮೇಲೆ ಟೋಲ್. ಓಡಿದ್ದಕ್ಕಿಂತ 35 ಕಿಲೋಮೀಟರ್ ಹೆಚ್ಚು.

ಇಲ್ಲಿ ಕೋಪ ಬರುವುದು ಸಹಜ. ಆದರೆ ಕೋಪದಲ್ಲಿ ಬರೆದ ಪತ್ರ ದಡ ಸೇರುವುದಿಲ್ಲ. "ನೀವು ಮೋಸ ಮಾಡಿದಿರಿ, 35 ಕಿಲೋಮೀಟರಿನ ಹಣ ವಾಪಸು ಕೊಡಿ" ಎಂದಷ್ಟೇ ಬರೆದರೆ "ನಮ್ಮ ಸಿಸ್ಟಮಿನಲ್ಲಿ 145 ಇದೆ" ಎಂದು ಒಂದೇ ಸಾಲಿನ ಉತ್ತರ ಬರುತ್ತದೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಹೆಚ್ಚಾದ ಆ 35 ಎಲ್ಲಿಂದ ಬಂತು ಎಂದು ಮೊದಲು ನಾವು ಕಂಡುಕೊಳ್ಳಬೇಕು. ಪತ್ರ ಬರೆಯುವ ಕೆಲಸದ ಮುಕ್ಕಾಲು ಪಾಲು ಇದೇ.

ಹಾಗಾದರೆ ಇಲ್ಲಿಯವರೆಗಿನದ್ದು ಇಷ್ಟು. ಒಪ್ಪಂದ ಓಡಿದ ಕಿಲೋಮೀಟರಿಗೆ. ಓಡಿದ್ದು ಸುಮಾರು 110. ಬಿಲ್ಲು 145ಕ್ಕೆ. ಈಗ ಆ ಹೆಚ್ಚಿನ ದೂರದ ಮೂಲ ಹುಡುಕೋಣ.

ಮೊದಲನೆಯದು ಕಾರು ನಿಮ್ಮ ಹತ್ತಿರ ಬರುವ ಮೊದಲು ಮತ್ತು ನಿಮ್ಮನ್ನು ಇಳಿಸಿದ ಮೇಲೆ ಓಡಿದ ದೂರ. ಟ್ಯಾಕ್ಸಿಯವರು ಇದಕ್ಕೆ ಗ್ಯಾರೇಜ್ ಟು ಗ್ಯಾರೇಜ್ ಎನ್ನುತ್ತಾರೆ. ಕಾರು ಸ್ಟ್ಯಾಂಡಿನಿಂದ ಹೊರಟಲ್ಲಿಂದ ಮತ್ತೆ ಸ್ಟ್ಯಾಂಡಿಗೆ ಮರಳುವ ತನಕದ ಲೆಕ್ಕ. ಹಲವು ಕಡೆ ಇದೇ ಪದ್ಧತಿ. ಮೊದಲೇ ಹೇಳಿ ಒಪ್ಪಿಕೊಂಡಿದ್ದರೆ ಅದರಲ್ಲಿ ತಪ್ಪಿಲ್ಲ. ದಿನದ ಬಾಡಿಗೆಗೆ ಹೋದಾಗ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ನಿಗದಿ ಮಾಡುವುದೂ ಇದೆ. ನೀವು 100 ಓಡಿಸಿದರೂ 250 ಅಥವಾ 300ರ ಬಾಡಿಗೆ. ಚಾಲಕರ ಭತ್ಯೆ ಬೇರೆ. ಇದೂ ಒಪ್ಪಂದದ ವಿಷಯ. ಇಂಥ ಷರತ್ತಿಗೆ ಹೂಂ ಎಂದವರು ಆಮೇಲೆ ಓಡಿದ ದೂರ ಕಡಿಮೆ ಎಂದು ವಾದಿಸಿದರೆ ನಿಲ್ಲುವುದಿಲ್ಲ. ಆದ್ದರಿಂದ ಪತ್ರ ಬರೆಯುವ ಮೊದಲು ಒಪ್ಪಂದದ ಸಂದೇಶವನ್ನು ಇನ್ನೊಮ್ಮೆ ಓದಿ. ನಮ್ಮ ಪ್ರಸಂಗದಲ್ಲಿ ಏರ್‌ಪೋರ್ಟಿನಿಂದ ಸಿದ್ದಾಪುರಕ್ಕೆ ಡ್ರಾಪ್ ಎಂದೇ ಇದೆ. ಸ್ಟ್ಯಾಂಡಿನ ಮಾತೇ ಇಲ್ಲ.

ಎರಡನೆಯದು ದಾರಿ. ಕಾರು ಬಂದ ದಾರಿ ಒಂದು, ಲೆಕ್ಕ ಹಾಕಿದ ದಾರಿ ಬೇರೆ. ಇದನ್ನು ಆಗಲೇ ಹೇಳಿದೆ.

ಮೂರನೆಯದು ಕಾರಿನ ಮೀಟರಿನ ತಪ್ಪು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಜನ ಮೊದಲು ಅನುಮಾನ ಪಡುವುದು ಮೀಟರಿನ ಮೇಲೆ. ಆದರೆ ದೊಡ್ಡ ವ್ಯತ್ಯಾಸ ಅದರಿಂದ ಬರುವುದು ಕಡಿಮೆ.

ಸ್ಟೀರಿಂಗಿನ ಹಿಂದೆ ಕಾಣುವ ಆ ಅಂಕಿ ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಟಯರು ಸವೆದರೆ ಚಕ್ರ ತುಸು ಚಿಕ್ಕದಾಗುತ್ತದೆ. ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಮೀಟರು ಹೆಚ್ಚು ತೋರಿಸುತ್ತದೆ. ಎಷ್ಟು ಹೆಚ್ಚು? ಸಣ್ಣ ಕಾರಿನ ಚಕ್ರದ ವ್ಯಾಸ ಹತ್ತಿರ ಹತ್ತಿರ 60 ಸೆಂಟಿಮೀಟರ್. ಹೊಸ ಟಯರು ಪೂರ್ತಿ ಸವೆಯುವಾಗ ಆ ವ್ಯಾಸದಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಅಂದರೆ ನೂರಕ್ಕೆ ಎರಡು. 110 ಕಿಲೋಮೀಟರಿನ ದಾರಿ 112 ಎಂದು ಕಾಣಬಹುದು. 145 ಎಂದು ಕಾಣಲಾರದು. ಕಾರಿಗೆ ಅದರ ಅಳತೆಯದಲ್ಲದ, ತೀರ ಚಿಕ್ಕ ಟಯರು ಹಾಕಿದ್ದರೆ ತಪ್ಪು ಇನ್ನೂ ಬೆಳೆಯುತ್ತದೆ. ಆದರೂ ನೂರಕ್ಕೆ ಮೂವತ್ತರಷ್ಟು ಏರುವುದಿಲ್ಲ.

ಅನುಮಾನವಿದ್ದರೆ ಪರೀಕ್ಷೆ ಸುಲಭ. ಹೆದ್ದಾರಿಯ ಪಕ್ಕ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳಿವೆ. ಒಂದು ಕಲ್ಲಿನ ಎದುರು ಮೀಟರು ನೋಡಿಕೊಳ್ಳಿ. ಹತ್ತು ಕಿಲೋಮೀಟರ್ ಆಚೆಯ ಕಲ್ಲಿನ ಎದುರು ಮತ್ತೆ ನೋಡಿ. ಟ್ರಿಪ್ ಮೀಟರು ಇದ್ದರೆ ಅದು ಕಿಲೋಮೀಟರಿನ ಹತ್ತನೇ ಒಂದು ಭಾಗವನ್ನೂ ತೋರಿಸುತ್ತದೆ. ಹತ್ತಕ್ಕೆ ಹತ್ತೂಕಾಲರ ಒಳಗೆ ಬಂದರೆ ಮೀಟರಿನ ಮೇಲೆ ತಕರಾರು ಬೇಡ.

ನಾಲ್ಕನೆಯದು ಆ್ಯಪಿನ ಲೆಕ್ಕ. ಮೊಬೈಲಿನ ಆ್ಯಪು ಚಕ್ರವನ್ನು ಎಣಿಸುವುದಿಲ್ಲ. ಉಪಗ್ರಹದ ಸಂಕೇತ ಹಿಡಿದು, ಕೆಲವು ಸೆಕೆಂಡಿಗೊಮ್ಮೆ ಕಾರು ಎಲ್ಲಿದೆ ಎಂದು ಒಂದು ಚುಕ್ಕಿ ಇಡುತ್ತದೆ. ಆ ಚುಕ್ಕಿಗಳನ್ನು ಸೇರಿಸಿ ದೂರ ಕೂಡಿಸುತ್ತದೆ. ನಮ್ಮ ಕಡೆ ಎರಡು ತೊಂದರೆ ಇದೆ. ದಟ್ಟ ಮರಗಳ ನಡುವೆ, ಗುಡ್ಡದ ಬುಡದಲ್ಲಿ ಸಂಕೇತ ಕುಂದುತ್ತದೆ. ಆಗ ಕಾರು ನಿಂತಲ್ಲೇ ನಿಂತಿದ್ದರೂ ಚುಕ್ಕಿ ಅತ್ತಿತ್ತ ಹಾರಬಹುದು. ಹಾರಿದ್ದೆಲ್ಲ ದೂರವಾಗಿ ಕೂಡಿಕೊಳ್ಳಬಹುದು. ಇನ್ನೊಂದು ತೊಂದರೆ, ನಡುವೆ ಚುಕ್ಕಿಗಳೇ ಇಲ್ಲದೆ ಹೋದರೆ ಆ್ಯಪು ತನಗೆ ತೋಚಿದ ರಸ್ತೆಯನ್ನು ತುಂಬಿಸುತ್ತದೆ. ಅದು ಉದ್ದದ ರಸ್ತೆಯಾಗಿರಬಹುದು. ಹೊಸಂಗಡಿಯಿಂದ ಮೇಲಕ್ಕೆ ಘಾಟಿ ಹತ್ತುವವರು ಇದನ್ನು ನೆನಪಿಡಬೇಕು. ಅಂದ ಹಾಗೆ, ಮೊಬೈಲಿನ ನೆಟ್‌ವರ್ಕ್ ಹೋಯಿತೆಂದರೆ ಉಪಗ್ರಹದ ಸಂಕೇತವೂ ಹೋಯಿತೆಂದು ಅರ್ಥವಲ್ಲ. ನೆಟ್‌ವರ್ಕ್ ಇಲ್ಲದಾಗಲೂ ಫೋನು ಚುಕ್ಕಿಗಳನ್ನು ಹಿಡಿದಿಟ್ಟು ಆಮೇಲೆ ಕಳಿಸಬಲ್ಲದು. "ಅಲ್ಲಿ ನೆಟ್‌ವರ್ಕ್ ಇರಲಿಲ್ಲ, ಆದ್ದರಿಂದ ದಾಖಲೆ ಇಲ್ಲ" ಎಂಬ ಉತ್ತರ ಬಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ.

ಆ್ಯಪಿನಲ್ಲಿ ಇನ್ನೂ ಒಂದು ಆಗುತ್ತದೆ. ನೀವು ಮನೆಯಲ್ಲಿ ಇಳಿದಿರಿ. ಚಾಲಕ ಟ್ರಿಪ್ ಮುಗಿಸುವ ಗುಂಡಿ ಒತ್ತಲು ಮರೆತ. ಶಂಕರನಾರಾಯಣ ತಲುಪಿದ ಮೇಲೆ ಒತ್ತಿದ. ಆ ದೂರವೂ ನಿಮ್ಮ ಬಿಲ್ಲಿಗೆ ಬಂತು. ಇದನ್ನು ಗುರುತಿಸುವುದು ಕಷ್ಟವಲ್ಲ. ಬಿಲ್ಲಿನಲ್ಲಿ ಟ್ರಿಪ್ ಮುಗಿದ ಗಂಟೆ ಇರುತ್ತದೆ. ನೀವು ಮನೆಯಲ್ಲಿ ಇಳಿದ ಗಂಟೆ ನಿಮಗೆ ಗೊತ್ತಿರುತ್ತದೆ.

ಕೇಳುಗರೇ, ಈವರೆಗೆ ಹೆಚ್ಚಿನ ದೂರದ ಮೂಲಗಳನ್ನು ನೋಡಿದೆವು. ಸ್ಟ್ಯಾಂಡಿನಿಂದ ಬಂದ ದೂರ, ಓಡದ ದಾರಿ, ಮೀಟರು, ಆ್ಯಪು. ನಮ್ಮ ಪ್ರಸಂಗದಲ್ಲಿ ಯಾವುದು? ತಂದೆ ಮರುದಿನ ಕಚೇರಿಗೆ ಫೋನು ಮಾಡಿ ಶಾಂತವಾಗಿ ಕೇಳುತ್ತಾರೆ. "145 ಹೇಗೆ ಬಂತು, ಸ್ವಲ್ಪ ಬಿಡಿಸಿ ಹೇಳಿ." ಆ ಕಡೆಯಿಂದ ಉತ್ತರ ಬರುತ್ತದೆ. "ಕುಂದಾಪುರದ ಮೇಲೆ 128. ನಮ್ಮ ಸ್ಟ್ಯಾಂಡಿನಿಂದ ಏರ್‌ಪೋರ್ಟಿಗೆ 15. ಒಟ್ಟು 143. ರೌಂಡ್ ಮಾಡಿ 145." ಈಗ ಕಗ್ಗಂಟು ಬಿಚ್ಚಿತು. ಓಡದ ದಾರಿ, ಒಪ್ಪದ ಸ್ಟ್ಯಾಂಡು, ಮೇಲೆ ಎರಡು ಕಿಲೋಮೀಟರಿನ ರೌಂಡು. ಈ ಮಾತನ್ನು ಫೋನಿನಲ್ಲೇ ಬಿಡಬಾರದು. ಕೂಡಲೇ ಒಂದು ಸಂದೇಶ ಕಳಿಸಬೇಕು. "ನೀವು ಈಗ ಫೋನಿನಲ್ಲಿ ಹೇಳಿದ ಲೆಕ್ಕ ಹೀಗಿದೆ, ಸರಿಯಲ್ಲವೇ?" ಅವರು ಹೌದೆಂದರೆ ಒಳ್ಳೆಯದು. ಸುಮ್ಮನಿದ್ದರೂ ನಿಮ್ಮ ಸಂದೇಶ ದಾಖಲೆಯಾಗಿ ಉಳಿಯುತ್ತದೆ.

ಇನ್ನು ಪುರಾವೆ. ಕಾರು ಬಾರ್ಕೂರಿನ ಮೇಲೇ ಬಂತು ಎಂದು ತೋರಿಸುವುದು ಹೇಗೆ?

ಎಲ್ಲಕ್ಕಿಂತ ಒಳ್ಳೆಯ ಪುರಾವೆ ಮೀಟರಿನ ಎರಡು ಫೋಟೋ. ಹತ್ತುವಾಗ ಒಂದು, ಇಳಿಯುವಾಗ ಒಂದು. ಚಾಲಕರನ್ನು ಕೇಳಿಯೇ ತೆಗೆಯಿರಿ. ನಮ್ಮ ಕಡೆಯ ಮಾತಿನಲ್ಲಿ, "ಹ್ವಾಯ್, ಮೀಟ್ರ್ ಒಂಚೂರ್ ಕಾಂಬ" ಎಂದರೆ ಸಾಕು. ಯಾರೂ ಬೇಡ ಎನ್ನುವುದಿಲ್ಲ. ನಮ್ಮ ಪ್ರಸಂಗದ ಮಗ ವಿಮಾನ ನಿಲ್ದಾಣದಲ್ಲಿ ತೆಗೆದ ಫೋಟೋದಲ್ಲಿ 68,420 ಇದೆ. ಮನೆಯ ಅಂಗಳದಲ್ಲಿ ತೆಗೆದದ್ದರಲ್ಲಿ 68,532. ವ್ಯತ್ಯಾಸ 112. ದಾರಿ ಸುಮಾರು 110. ಟಯರು ಸವೆದ ಎರಡು ಕಿಲೋಮೀಟರ್ ಇದರಲ್ಲಿ ಇರಬಹುದು. ಆ ಎರಡಕ್ಕಾಗಿ ಜಗಳ ಬೇಡ. 112 ಎಂದು ಒಪ್ಪಿಕೊಳ್ಳುವುದೇ ಸರಿ. ಎದುರಿನವರ ಮೀಟರನ್ನೇ ನಾವು ಒಪ್ಪಿದಾಗ ನಮ್ಮ ಪತ್ರಕ್ಕೆ ಬಲ ಬರುತ್ತದೆ.

ಫೋಟೋ ಇಲ್ಲದಿದ್ದರೆ? ಆಗ ಟೋಲ್ ನೋಡಬೇಕು. ಇದು ನಮ್ಮ ಕರಾವಳಿಯವರಿಗೆ ಒದಗಿದ ಒಂದು ಅನುಕೂಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಜಮಾಡಿಯಲ್ಲಿ ಒಂದು ಟೋಲ್ ಇದೆ. ಸಾಸ್ತಾನದಲ್ಲಿ ಇನ್ನೊಂದು. ಸುರತ್ಕಲ್‌ನಲ್ಲಿದ್ದದ್ದು 2022ರ ಡಿಸೆಂಬರಿನಲ್ಲಿ ನಿಂತಿತು. ಈಗ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ದಕ್ಷಿಣದಿಂದ ಉತ್ತರಕ್ಕೆ ಬನ್ನಿ. ಮೊದಲು ಹೆಜಮಾಡಿ, ಆಮೇಲೆ ಉಡುಪಿ, ಆಮೇಲೆ ಬ್ರಹ್ಮಾವರ. ಬ್ರಹ್ಮಾವರ ದಾಟಿದ ಮೇಲೆ ಸಾಸ್ತಾನ. ಅದರಾಚೆ ಕೋಟ, ಕೋಟೇಶ್ವರ, ಕುಂದಾಪುರ. ಬಾರ್ಕೂರಿಗೆ ತಿರುಗುವ ಕಾರು ಬ್ರಹ್ಮಾವರದಲ್ಲೇ ಹೆದ್ದಾರಿ ಬಿಡುತ್ತದೆ. ಸಾಸ್ತಾನದ ಟೋಲ್ ಅದಕ್ಕೆ ಸಿಗುವುದೇ ಇಲ್ಲ. ಕುಂದಾಪುರದ ಮೇಲೆ ಬರುವ ಕಾರು ಸಾಸ್ತಾನ ದಾಟಲೇಬೇಕು. ಕೋಟೇಶ್ವರದಲ್ಲಿ ತಿರುಗಿ ಹಾಲಾಡಿಗೆ ಬಂದರೂ ಅಷ್ಟೆ.

ಆದ್ದರಿಂದ ಬಿಲ್ಲಿನ ಟೋಲ್ ಸಾಲನ್ನು ಓದಿ. ಹೆಜಮಾಡಿ ಮಾತ್ರ ಇದ್ದು ಸಾಸ್ತಾನ ಇಲ್ಲದಿದ್ದರೆ, ಕಾರು ಕುಂದಾಪುರದ ಮೇಲೆ ಬಂದಿಲ್ಲ ಎಂದು ಕಂಪನಿಯ ಬಿಲ್ಲೇ ಹೇಳುತ್ತಿದೆ. ಟೋಲ್ ಒಂದು ದಾರಿಯದ್ದು, ಕಿಲೋಮೀಟರ್ ಇನ್ನೊಂದು ದಾರಿಯದ್ದು. ಒಂದೇ ಕಾಗದದಲ್ಲಿ ಎರಡು ದಾರಿ ಇರಲಾರದು. ಪ್ರತಿ ಸಲ ಟೋಲ್ ದಾಟಿದಾಗ ಫಾಸ್ಟ್ಯಾಗಿನ ಖಾತೆಯಲ್ಲಿ ಟೋಲಿನ ಹೆಸರು, ದಿನ, ಗಂಟೆ ದಾಖಲಾಗುತ್ತದೆ. ಅದರ ಪ್ರತಿ ಕೊಡಿ ಎಂದು ಪತ್ರದಲ್ಲಿ ಕೇಳಬಹುದು.

ಒಂದು ಎಚ್ಚರಿಕೆ. ಟೋಲಿನ ಆಸುಪಾಸಿನ ಊರಿನ ವಾಹನಗಳಿಗೆ ರಿಯಾಯಿತಿ ಇರುವುದುಂಟು. ಕಾರು ಅಂಥ ಊರಿನದ್ದಾದರೆ ಹಣ ಕಟ್ಟದೆಯೂ ಸಾಸ್ತಾನ ದಾಟಿರಬಹುದು. ಆಗ ಟೋಲಿನ ಪುರಾವೆ ಒಂದೇ ಸಾಲದು. ಬೇರೆ ಏನಾದರೂ ಜೊತೆಗಿರಬೇಕು. ಬಾರ್ಕೂರಿನ ಹೋಟೆಲಿನಲ್ಲಿ ಚಹಾ ಕುಡಿದು ಫೋನಿನಿಂದ ಹಣ ಕಳಿಸಿದ್ದೀರಾ? ಆ ಪಾವತಿಯಲ್ಲಿ ಅಂಗಡಿಯ ಹೆಸರೂ ಗಂಟೆಯೂ ಇರುತ್ತದೆ. ಹಾಲಾಡಿ ದಾಟುವಾಗ ಮನೆಗೆ "ಹಾಲಾಡಿ ಬಂತು, ಅನ್ನಕ್ಕೆ ಇಡಿ" ಎಂದು ಸಂದೇಶ ಹಾಕಿದ್ದೀರಾ? ಅದೂ ಸಾಕ್ಷಿಯೇ. ನಿಮ್ಮ ಫೋನಿನಲ್ಲಿ ಹೋದ ದಾರಿ ದಾಖಲಾಗುವ ಸೌಲಭ್ಯ ಚಾಲೂ ಇದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಹಾಗಾದರೆ ಈಗ ನಮ್ಮ ಕೈಯಲ್ಲಿ ಏನಿದೆ? ಒಪ್ಪಂದದ ಸಂದೇಶ. ಮೀಟರಿನ ಎರಡು ಫೋಟೋ. ಒಂದೇ ಟೋಲ್ ಇರುವ ಬಿಲ್ಲು. ಫೋನಿನಲ್ಲಿ ಅವರೇ ಬಿಡಿಸಿ ಹೇಳಿದ ಲೆಕ್ಕ. ಇನ್ನು ಪತ್ರ ಬರೆಯಬಹುದು.

ಅದಕ್ಕೆ ಮೊದಲು ಒಂದು ಮಾತು. ರಾತ್ರಿ ಮನೆಯ ಬಾಗಿಲಲ್ಲಿ ಚಾಲಕರ ಜೊತೆ ಜಗಳ ಮಾಡಬೇಡಿ. ಬಿಲ್ಲು ಮಾಡಿದ್ದು ಹೆಚ್ಚಾಗಿ ಅವರಲ್ಲ. ಅವರು ಮತ್ತೆ ನೂರು ಕಿಲೋಮೀಟರ್ ಖಾಲಿ ಗಾಡಿ ಓಡಿಸಿ ಊರು ಸೇರಬೇಕು. ಕೇಳಿದ ಹಣ ಕೊಟ್ಟುಬಿಡಿ. ಆದರೆ ಆಗಲೇ ಕಂಪನಿಗೆ ಒಂದು ಸಂದೇಶ ಹಾಕಿ. "ಕಿಲೋಮೀಟರಿನ ಬಗ್ಗೆ ತಕರಾರು ಇದೆ. ತಕರಾರು ಉಳಿಸಿಕೊಂಡು ಹಣ ಕೊಟ್ಟಿದ್ದೇನೆ." ಹಣ ಕೊಟ್ಟದ್ದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಅದೇ ರಾತ್ರಿ ಹೇಳಿದ್ದರಿಂದ ಅದು ಗಟ್ಟಿಯಾಗುತ್ತದೆ.

ಈಗ ಪತ್ರವನ್ನು ಓದುತ್ತೇನೆ.

"ಮಾನ್ಯರೇ, ಇಂಥ ದಿನಾಂಕ, ಇಂಥ ನಂಬರಿನ ಕಾರಿನಲ್ಲಿ, ಮಂಗಳೂರು ವಿಮಾನ ನಿಲ್ದಾಣದಿಂದ ಸಿದ್ದಾಪುರಕ್ಕೆ ಪ್ರಯಾಣ ಮಾಡಿದೆವು. ಬಿಲ್ಲಿನ ನಂಬರು ಇಂಥದ್ದು. ಓಡಿದ ಕಿಲೋಮೀಟರಿಗೆ 25 ರೂಪಾಯಿ ಎಂದು ನಿಮ್ಮ ಸಂದೇಶದಲ್ಲಿ ಒಪ್ಪಂದವಾಗಿತ್ತು. ಬಿಲ್ಲಿನಲ್ಲಿ 145 ಕಿಲೋಮೀಟರ್ ಎಂದಿದೆ. ಹತ್ತುವಾಗ ಕಾರಿನ ಮೀಟರು 68,420, ಇಳಿಯುವಾಗ 68,532. ಓಡಿದ್ದು 112 ಕಿಲೋಮೀಟರ್. ಕಾರು ಬ್ರಹ್ಮಾವರದಿಂದ ಬಾರ್ಕೂರು, ಹಾಲಾಡಿ ಮೇಲೆ ಬಂದಿದೆ. ನಿಮ್ಮ ಬಿಲ್ಲಿನಲ್ಲಿ ಸಾಸ್ತಾನದ ಟೋಲ್ ಇಲ್ಲದಿರುವುದನ್ನು ಗಮನಿಸಬೇಕು. ಸ್ಟ್ಯಾಂಡಿನಿಂದ ವಿಮಾನ ನಿಲ್ದಾಣದವರೆಗಿನ ದೂರಕ್ಕೆ ಬಾಡಿಗೆ ಕೊಡುವ ಒಪ್ಪಂದ ಇರಲಿಲ್ಲ. 112 ಕಿಲೋಮೀಟರಿಗೆ 2,800 ರೂಪಾಯಿ ಮತ್ತು ಹೆಜಮಾಡಿ ಟೋಲ್ ನಮಗೆ ಒಪ್ಪಿಗೆ. ಹೆಚ್ಚಾಗಿ ಪಡೆದ 33 ಕಿಲೋಮೀಟರಿನ ಬಾಬ್ತು 825 ರೂಪಾಯಿಯನ್ನು 15 ದಿನಗಳ ಒಳಗೆ ಮರಳಿಸಬೇಕು. ನಿಮ್ಮ ಲೆಕ್ಕ ಬೇರೆ ಇದ್ದರೆ, ಆರಂಭ ಮತ್ತು ಕೊನೆಯ ಮೀಟರ್ ಅಂಕಿ, ಪ್ರಯಾಣದ ಜಿಪಿಎಸ್ ದಾಖಲೆ, ಆ ದಿನದ ಫಾಸ್ಟ್ಯಾಗ್ ವಿವರ ಇಷ್ಟನ್ನು ಕಳಿಸಿಕೊಡಬೇಕು. ಚಾಲಕರ ನಡವಳಿಕೆಯ ಬಗ್ಗೆ ನಮ್ಮ ದೂರು ಇಲ್ಲ. ಇಂತಿ."

ಪತ್ರ ಮುಗಿಯಿತು. ಒಂದು ಹಾಳೆಯೂ ತುಂಬುವುದಿಲ್ಲ. ಗಮನಿಸಿ, ಮೋಸ, ಸುಲಿಗೆ ಎಂಬ ಮಾತುಗಳು ಇದರಲ್ಲಿಲ್ಲ. ಕಾರಿನಲ್ಲಿ ಎಸಿ ತಣ್ಣಗಿರಲಿಲ್ಲ, ಚಾಲಕರು ಫೋನಿನಲ್ಲಿ ಮಾತನಾಡಿದರು ಎಂಬ ಬೇರೆ ದೂರುಗಳೂ ಇಲ್ಲ. ಅವನ್ನು ಸೇರಿಸಿದರೆ ಉತ್ತರ ಎಸಿಯ ಬಗ್ಗೆ ಬರುತ್ತದೆ, ಕಿಲೋಮೀಟರಿನ ಬಗ್ಗೆ ಬರುವುದಿಲ್ಲ. ದರದ ಮಾತೂ ಇಲ್ಲ. 25 ರೂಪಾಯಿ ಹೆಚ್ಚಾಯಿತೇ ಎಂಬುದು ಬೇರೆ ಪ್ರಶ್ನೆ. ಒಪ್ಪಿದ ದರವನ್ನು ಒಪ್ಪಿಕೊಂಡೇ ದೂರವನ್ನು ಪ್ರಶ್ನಿಸಬೇಕು.

ದರದ ವಿಚಾರ ಬಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2024ರ ಆರಂಭದಲ್ಲಿ ಕರ್ನಾಟಕ ಸರ್ಕಾರ ನಗರ ಟ್ಯಾಕ್ಸಿಗಳಿಗೂ ಆ್ಯಪ್ ಟ್ಯಾಕ್ಸಿಗಳಿಗೂ ಒಂದೇ ದರ ನಿಗದಿ ಮಾಡಿತು. ಅದರಲ್ಲಿ ಕಾಯುವ ಹೊತ್ತಿಗೆ ಬೇರೆ ದರ ಇದೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇಕಡಾ 10 ಹೆಚ್ಚು ಪಡೆಯಬಹುದು ಎಂದಿದೆ. ಹೀಗೆ ನ್ಯಾಯವಾದ ಹೆಚ್ಚುವರಿಗಳು ಇವೆ. ಅವು ಬಿಲ್ಲಿನಲ್ಲಿ ತಮ್ಮದೇ ಹೆಸರಿನಲ್ಲಿ, ತಮ್ಮದೇ ಸಾಲಿನಲ್ಲಿ ಬರಬೇಕು. ವಿಮಾನ ತಡವಾಗಿ ಚಾಲಕರು ಕಾದರು, ಆ ಹಣವನ್ನು ಕಿಲೋಮೀಟರಿಗೆ ಸೇರಿಸಿ ಬರೆದರು ಎಂದಾಗಬಾರದು. ಹಾಗೆ ಆಗಿದ್ದರೆ ಕಾದದ್ದರ ಹಣ ಬೇರೆ ಕೊಡುತ್ತೇವೆ, ದೂರ ಸರಿಪಡಿಸಿ ಎಂದು ಹೇಳುವುದು ಮರ್ಯಾದೆಯ ದಾರಿ.

ಪತ್ರ ಯಾರಿಗೆ? ಆ್ಯಪ್ ಕಂಪನಿಯಾದರೆ ಅದಕ್ಕೆ ಕುಂದುಕೊರತೆ ಅಧಿಕಾರಿ ಇರಲೇಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆ ಅಧಿಕಾರಿಯ ಹೆಸರು, ವಿಳಾಸ ಪ್ರಕಟವಾಗಿರಬೇಕು. ದೂರು ತಲುಪಿತು ಎಂದು 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆ್ಯಪಿನ ಚಾಟಿನಲ್ಲಿ ಬರುವ ಸಿದ್ಧ ಉತ್ತರಕ್ಕೆ ನಿಲ್ಲದೆ ಆ ಅಧಿಕಾರಿಗೇ ಇಮೇಲ್ ಮಾಡಿ. ಊರಿನ ಅಥವಾ ಪೇಟೆಯ ಟ್ರಾವೆಲ್ಸ್ ಆದರೆ ಮಾಲೀಕರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ಸ್ವೀಕೃತಿ ಸಮೇತ. ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲೂ ಒಂದು ಪ್ರತಿ ಕಳಿಸಿ.

ಈವರೆಗೆ ಪತ್ರ, ಪುರಾವೆ, ವಿಳಾಸ ಆಯಿತು. ಇನ್ನು ಉತ್ತರ ಬಾರದಿದ್ದರೆ?

ಮೊದಲು 1915 ಎಂಬ ನಂಬರಿಗೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತನಾಡಬಹುದು. ಅವರು ತೀರ್ಪು ಕೊಡುವವರಲ್ಲ. ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇಲ್ಲಿ ನಮಗೆ ಅನುಕೂಲದ ಒಂದು ಸಂಗತಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮಂಗಳೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಸಿದ್ದಾಪುರದವರು ಉಡುಪಿಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಎಂದಿಲ್ಲ. ಘಟನೆಯಿಂದ ಎರಡು ವರ್ಷದೊಳಗೆ ಕೊಡಬೇಕು. ಅಲ್ಲಿ ಮೊದಲು ಕೇಳುವುದು, ಕಂಪನಿಗೆ ನೀವು ಏನು ಬರೆದಿದ್ದೀರಿ ಎಂದು. ಆಗ ಈ ಒಂದು ಹಾಳೆಯ ಪತ್ರವೇ ದೂರಿನ ತಳಪಾಯ.

825 ರೂಪಾಯಿಗೆ ಆಯೋಗದ ಮೆಟ್ಟಿಲು ಹತ್ತಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಡುಪಿಗೆ ನಾಲ್ಕು ಸಲ ಹೋಗಿ ಬರುವ ಬಸ್ಸಿನ ಖರ್ಚು, ಬಿಟ್ಟ ಕೆಲಸ ಲೆಕ್ಕ ಹಾಕಿದರೆ ಹಲವರಿಗೆ ಹೊರೆಯೇ. ದೂರನ್ನು ಈಗ ಆನ್‌ಲೈನಿನಲ್ಲೂ ಕೊಡಬಹುದು, ಅಷ್ಟರಮಟ್ಟಿಗೆ ಓಡಾಟ ತಗ್ಗಿದೆ. ಹೆಚ್ಚಿನ ತಕರಾರುಗಳು ಪತ್ರದಲ್ಲೇ ಮುಗಿಯಬೇಕು, ಮುಗಿಯುತ್ತವೆ ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಲೆಕ್ಕ ಬಿಡಿಸಿಟ್ಟ ಪತ್ರಕ್ಕೆ ಉತ್ತರ ಬರೆಯುವುದಕ್ಕಿಂತ 825 ರೂಪಾಯಿ ಮರಳಿಸುವುದು ಕಂಪನಿಗೆ ಸುಲಭ.

ಆದರೂ ಪಟ್ಟು ಬಿಡದೆ ಹೋದವರು ಇದ್ದಾರೆ. ಚಂಡೀಗಢದ ಒಂದು ಪ್ರಕರಣ ಹೇಳುತ್ತೇನೆ. 2021ರಲ್ಲಿ ಅಲ್ಲಿಯ ಒಬ್ಬರು ಊಬರ್ ಕಾರಿನಲ್ಲಿ ಸುಮಾರು 9 ಕಿಲೋಮೀಟರ್ ಹೋದರು. ಹತ್ತುವ ಮೊದಲು ಆ್ಯಪು ತೋರಿಸಿದ ಬಾಡಿಗೆ 359 ರೂಪಾಯಿ. ಇಳಿದ ಮೇಲೆ ಬಂದ ಬಿಲ್ಲು 1,334. ದಾರಿ ಹಲವು ಸಲ ಬದಲಾಯಿತು ಎಂಬುದು ಕಂಪನಿಯ ವಾದ. ಆ ಪ್ರಯಾಣಿಕರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರು. 2024ರಲ್ಲಿ ಆಯೋಗ ಇದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಕಂಪನಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಆ ಪ್ರಯಾಣಿಕರ ಹತ್ತಿರ ಇದ್ದ ದೊಡ್ಡ ಆಧಾರ, ಮೊದಲು ತೋರಿಸಿದ ಬಾಡಿಗೆ ಮತ್ತು ಕೊನೆಗೆ ಬಂದ ಬಿಲ್ಲು, ಎರಡೂ ಕೈಯಲ್ಲಿದ್ದದ್ದು.

ಆದ್ದರಿಂದ ಕೇಳುಗರಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಸಲ ಬಾಡಿಗೆ ಕಾರು ಹೇಳುವಾಗ ಮೂರು ವಿಷಯ ಕೇಳಿ, ಉತ್ತರವನ್ನು ಸಂದೇಶದಲ್ಲಿ ಪಡೆಯಿರಿ. ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ? ಯಾವ ದಾರಿ, ಬಾರ್ಕೂರಿನದೋ ಕುಂದಾಪುರದದೋ? ಕನಿಷ್ಠ ಕಿಲೋಮೀಟರ್ ಇದೆಯೇ? ಹತ್ತುವಾಗಲೂ ಇಳಿಯುವಾಗಲೂ ಮೀಟರಿನ ಫೋಟೋ ತೆಗೆಯಿರಿ. ಹೊರೆ ಸಾಮಾನು ಹಿಡಿದ ಮಗನಿಗೆ ಅದು ನೆನಪಾಗದಿದ್ದರೆ ಮನೆಯವರು ಫೋನು ಮಾಡಿ ನೆನಪಿಸಿ. ಗ್ರಾಹಕ ಸಹಾಯವಾಣಿಯ ನಂಬರನ್ನು ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 1915.